ಗೋಡೆ ದಾಟುವ ನೆಟ್ಟು

ನಿಂಗಕ್ಕನಿಗೆ ಬಾಯಿ ಜಾಸ್ತಿ ಅಂತ ಹಿರೇಗುಂಟನೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಮಂಚ ಹಿಡಿದಿರುವ ನನಗೆ ಬಾಯಿ ಬಿಟ್ಟರೆ ಇನ್ನೇನು ಉಳಿದಿದೆ? ಫ್ಯಾನು ಹಾಕಬೇಕಾದರೂ ಬಾಯಿ, ಆರಿಸಬೇಕಾದರೂ ಬಾಯಿ. ಸ್ವಿಚ್ಚು ಇರುವುದು ಮಂಚದಿಂದ ಆರು ಮಾರು ದೂರವೇನಲ್ಲ, ಆರೇ ಹೆಜ್ಜೆ. ಆ ಆರು ಹೆಜ್ಜೆ ನನ್ನ ಪಾಲಿಗೆ ಮುಗಿದುಹೋಗಿವೆ.

ಹಿಂದೆ ಇನ್ನೂರು ಕುರಿ ಹೊಡೆದುಕೊಂಡು ಹಿರಿಯೂರು ದಾಟಿ ಹೋಗಿಬಂದವಳು ನಾನು. ಎಲ್ಲಿ ಬೀಡು ಬಿಡಬೇಕು, ಯಾವ ಹೊತ್ತಿಗೆ ಎಬ್ಬಿಸಬೇಕು ಅಂತ ಗಂಡಸರು ನನ್ನ ಕೇಳುತ್ತಿದ್ದರು. ಈಗ ಫ್ಯಾನು ಬೇಕೆಂದರೆ ಸೊಸೆ ಯಶೋದಾ ರೊಟ್ಟಿ ತಟ್ಟುವ ಕೈ ಒರೆಸಿಕೊಂಡು ಬರಬೇಕು. ಅವಳು ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ, ಸುಳ್ಳು ಹೇಳಬಾರದು. ಆದರೆ ಅವಳು ಕೂಲಿಗೆ ಹೋದ ದಿನ ಬೆವರಿನಲ್ಲಿ ನೆಂದು, ಯಾರಾದರೂ ಬರಲಿ ಅಂತ ಬಾಗಿಲು ನೋಡುತ್ತ ಮಲಗಿರುತ್ತೇನಲ್ಲ, ಆಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಇದನ್ನು ಅರ್ಥ ಮಾಡಿಕೊಂಡವಳು ಮೊಮ್ಮಗಳು ಮೇಘಶ್ರೀ ಒಬ್ಬಳೇ. ಚಿಕ್ಕ ಮಗ ನಾಗರಾಜ, ಯಶೋದಾ ಇಬ್ಬರ ಮಗಳು, ಆಗ ಚಿತ್ರದುರ್ಗದಲ್ಲಿ ಬಿಕಾಂ ಮುಗಿಸುತ್ತಿದ್ದಳು. ಒಂದು ದಿನ ಕಾಲೇಜಿಂದ ಬರುವಾಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪನೆಯ ಬಿಳಿ ಪ್ಲಗ್ಗೊಂದು ತಂದಳು.

"ಅಜ್ಜಿ, ಇದನ್ನ ಗೋಡೆ ಪ್ಲಗ್ಗಿಗೆ ಹಾಕಿ, ಇದಕ್ಕೆ ಟೇಬಲ್ ಫ್ಯಾನ್ ವೈರ್ ಸಿಗಿಸೋದು. ಆಮೇಲೆ ನೀನು ಮಲಗಿದಲ್ಲೇ ಮೊಬೈಲಲ್ಲಿ ಒತ್ತಿದ್ರೆ ಸಾಕು."

"ಯಾರ್ನೂ ಕೂಗಂಗಿಲ್ವಾ?"

"ಯಾರ್ನೂ ಕೂಗಂಗಿಲ್ಲ."

ನನಗೆ ಅಳುವೇ ಬಂತು. ಅಳಲಿಲ್ಲ, ಬೈದೆ. "ಇಷ್ಟ್ ದಿನ ಎಲ್ಲಿ ಕತ್ತೆ ಕಾಯ್ತಿದ್ಯೇ, ಮೊದ್ಲೇ ತರಕ್ಕೇನಾಗಿತ್ತು?" ಅಂದೆ. ಅವಳು ನಕ್ಕಳು.

ತಂದದ್ದೇನೋ ಆಯಿತು. ಆದರೆ ಅದಕ್ಕೆ ವೈಫೈ ಬೇಕಂತೆ, ನಾಗರಾಜನ ಮನೆಯಲ್ಲಿ ವೈಫೈ ಎಲ್ಲಿಂದ ಬರಬೇಕು? ಮೇಘಾ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ನನ್ನ ಮೊಬೈಲಿನಿಂದ ಪ್ಲಗ್ಗು ಜೋಡಿಸಲು ಕೂತಳು. ಪ್ಲಗ್ಗಿನ ನೀಲಿ ದೀಪ ಪಟಪಟ ಮಿಟುಕಿತು. ಸ್ವಲ್ಪ ಹೊತ್ತು ಗುಂಡಗೆ ಏನೋ ಸುತ್ತಿ, ಕೊನೆಗೆ ಆಗಲಿಲ್ಲ ಅಂತ ಬಂತು. ನಾಲ್ಕು ಸಲ ಹಂಗೇ ಆಯಿತು. ಐದನೇ ಸಲಕ್ಕೆ ಅವಳು ಡಬ್ಬಿಯೊಳಗಿನ ಕಾಗದ ಬಿಡಿಸಿ ಓದಿ, ಹಣೆ ಚಚ್ಚಿಕೊಂಡಳು.

"ಅಯ್ಯೋ, ಇದು ಎರಡು ಪಾಯಿಂಟ್ ನಾಲ್ಕಕ್ಕೆ ಮಾತ್ರ ಸೇರ್ಕೊಳ್ಳೋದಂತೆ ಅಜ್ಜಿ. ನನ್ನ ಹಾಟ್‌ಸ್ಪಾಟ್ ಐದರಲ್ಲೈತೆ. ವೈಫೈನಲ್ಲಿ ಎರಡು ಪಾಯಿಂಟ್ ನಾಲ್ಕು, ಐದು ಅಂತ ಎರಡು ದಾರಿ ಇರ್ತಾವೆ. ಈ ಪ್ಲಗ್ಗಿಗೆ ಐದರ ದಾರಿ ಕಾಣೋದೇ ಇಲ್ಲ."

ಮೊಬೈಲಿನಲ್ಲಿ ಎಲ್ಲೋ ಹೋಗಿ ಎರಡು ಪಾಯಿಂಟ್ ನಾಲ್ಕು ಅಂತ ಮಾಡಿದಳು. ಈ ಸಲ ಅರ್ಧ ನಿಮಿಷಕ್ಕೆ ಸೇರಿಕೊಂಡಿತು. ಫ್ಯಾನಿನ ಗುಂಡಿ ಮೊದಲೇ ಒತ್ತಿಟ್ಟಿದ್ದಳು. ನಾನು ಮೊಬೈಲಿನಲ್ಲಿ ಬೆರಳು ಇಟ್ಟೆ, ಟಕ್ ಅಂದು ಫ್ಯಾನು ತಿರುಗಿತು. ಮತ್ತೆ ಇಟ್ಟೆ, ನಿಂತಿತು. ಆವತ್ತು ಸಂಜೆ ಎಷ್ಟು ಸಲ ಹಾಕಿ ಆರಿಸಿದೆನೋ, "ಫ್ಯಾನು ಕೆಟ್ಟೋದೀತು ಅತ್ತೆ" ಅಂತ ಯಶೋದಾ ಅಡಿಗೆಮನೆಯಿಂದಲೇ ಕೂಗಿದಳು. ನನ್ನ ಕೈ, ನನ್ನ ಫ್ಯಾನು, ಅವಳಿಗೇನು?

ಬೆಳಿಗ್ಗೆ ಮೇಘಾ ಕಾಲೇಜಿಗೆ ಹೊರಟಳು. ಅವಳ ಮೊಬೈಲೂ ಹೊರಟಿತು, ಹಾಟ್‌ಸ್ಪಾಟೂ ಹೊರಟಿತು. ಪ್ಲಗ್ಗು ಮಿಟುಕಿಸಿಕೊಂಡು ಕೂತಿತು. ನಾನೆಷ್ಟು ಒತ್ತಿದರೂ ಮೊಬೈಲು 'ಆಫ್‌ಲೈನ್' ಅನ್ನುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮನೆಯಲ್ಲೇ ನಿಂತಿರುವ ವೈಫೈ ಬೇಕು. ಅದು ಇದ್ದದ್ದು ಗೋಡೆಯಾಚೆ, ದೊಡ್ಡ ಮಗ ಪ್ರಸನ್ನಕುಮಾರನ ಮನೆಯಲ್ಲಿ. ಮೊದಲು ಎರಡೂ ಒಂದೇ ಮನೆ. ಪಾಲಾದಾಗ ನಡುವಿನ ಕಲ್ಲುಗೋಡೆಯ ಬಾಗಿಲಿಗೂ ಇಟ್ಟಿಗೆ ಕಟ್ಟಿದರು. ಕುರಿ ದೊಡ್ಡವನಿಗೆ ಹೋದವು, ನಾನು ಚಿಕ್ಕವನ ಪಾಲಿಗೆ ಬಂದೆ. ಅಣ್ಣತಮ್ಮಂದಿರಿಗೆ ಮಾತಿಲ್ಲ, ಆದರೆ ಸೊಸೆಯರು ಬಟ್ಟೆ ಒಣಗಿಸುವಾಗ ಚೆನ್ನಾಗಿಯೇ ಇದ್ದರು. ಪ್ರಸನ್ನ ವೈಫೈ ಹಾಕಿಸಿದಾಗ ಅವನ ಹೆಂಡತಿ ಅನುಸೂಯಾನೇ ಯಶೋದಾಗೆ ಪಾಸ್‌ವರ್ಡ್ ಕೊಟ್ಟಿದ್ದಳು. ಅವನು ಮೂರು ಸಲ ಬದಲಾಯಿಸಿದ, ಮೂರು ಸಲವೂ ಅದು ತಂತಿ ಮೇಲಿನ ಸೀರೆ ಸಂದಿಯಲ್ಲಿ ಈಚೆ ಬಂತು. ಆಗ ನೆಟ್ಟಿನವನು ಬಂದು ಒಂದು ಬುದ್ಧಿ ಹೇಳಿಕೊಟ್ಟನಂತೆ: ಐದರದ್ದು ಜೋರು, ಆದರೆ ಇಂಥ ದಪ್ಪ ಗೋಡೆ ದಾಟಲ್ಲ; ಎರಡು ಪಾಯಿಂಟ್ ನಾಲ್ಕರದ್ದೇ ಗೋಡೆ ದಾಟೋದು, ಅದನ್ನ ಆರಿಸಿಬಿಡ್ರಿ. ಆರಿಸಿಬಿಟ್ಟ. ಅಲ್ಲಿಗೆ ಈಚೆಗೆ ನೆಟ್ಟು ನಿಂತಿತು.

ನನ್ನ ಪ್ಲಗ್ಗಿಗೆ ಬೇಕಾದದ್ದು ಅದೇ, ಗೋಡೆ ದಾಟುವುದೇ. ನನ್ನ ಹಣೆಬರಹ ನೋಡಿ!

ಮಾನ ಬಿಟ್ಟು ಪ್ರಸನ್ನನಿಗೆ ಫೋನು ಮಾಡಿಸಿದೆ. ಸಂಜೆ ಬಂದ, ಹೊಸ್ತಿಲ ಮೇಲೆ ನಿಂತ. ತಮ್ಮನ ಮನೆಯಲ್ಲಿ ಕೂರಲಿಲ್ಲ.

"ಅವ್ವ, ನಿಂಗೆ ಫ್ಯಾನಿಗೆ ಅಂದ್ರೆ ಹಾಕ್ಕೊಡ್ತೀನಿ. ಆದ್ರೆ ಈ ಮನೆಯೋರು ಒಬ್ರೂ ಮುಟ್ಟಂಗಿಲ್ಲ. ಪಾಸ್‌ವರ್ಡ್ ನಾನೇ ಹಾಕ್ತೀನಿ. ನಿನ್ನ ಮೊಬೈಲಿಂದ ಹೊರಗೆ ಹೋಗಂಗಿಲ್ಲ. ಜುಂಜಪ್ಪನ ಮೇಲೆ ಆಣೆ ಮಾಡು."

"ಫ್ಯಾನಿಗೂ ಆಣೆನೇನಪ್ಪ?"

"ಮಾಡೋದಾದ್ರೆ ಹಾಕ್ತೀನಿ."

ಹೆತ್ತವಳ ಹತ್ತಿರ ಆಣೆ ಕೇಳಿದವನ ಕೆನ್ನೆಗೆ ಬಿಡಬೇಕಿತ್ತು. ಮಂಚ ಹೊಸ್ತಿಲ ಪಕ್ಕದಲ್ಲೇ, ಕೈಯೇನೋ ಎಟುಕುತ್ತಿತ್ತು. ಆದರೆ ಆ ಹೊತ್ತಿಗೆ ನನಗೆ ಫ್ಯಾನೇ ದೊಡ್ಡದಾಗಿತ್ತು. ನಮ್ಮ ಕುಲದೇವರು ಜುಂಜಪ್ಪನ ಹೆಸರು ಹಿಡಿದು ಆಣೆ ಮಾಡಿದೆ. ನಮ್ಮ ಹಟ್ಟಿಯಲ್ಲಿ ಆ ಆಣೆ ಮುರಿದವರನ್ನು ನಾನು ಕಂಡಿಲ್ಲ.

ಅವನು ತನ್ನ ಮೊಬೈಲಿನಲ್ಲೇ ವೈಫೈ ಪೆಟ್ಟಿಗೆಯ ಆ್ಯಪ್ ತೆಗೆದು ಎರಡು ಪಾಯಿಂಟ್ ನಾಲ್ಕು ಹಾಕಿದ, ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟ. ಗೋಡೆ ಕಡೆ ತಿರುಗಿ, ಯಾರೂ ನೋಡದ ಹಾಗೆ ನನ್ನ ಮೊಬೈಲಿಗೆ ಒತ್ತಿದ. ಪ್ಲಗ್ಗಿನ ದೀಪ ಮಿಟುಕುವುದು ನಿಂತು ಸುಮ್ಮನೆ ಉರಿಯಿತು.

"ಯಾರ್ ಯಾರು ಸೇರ್ಕಂಡವ್ರೆ ಅಂತ ನಂಗೆ ಇಲ್ಲೇ ಕಾಣ್ತೈತೆ ಅವ್ವ," ಅಂತ ತನ್ನ ಮೊಬೈಲು ತಟ್ಟಿ ಹೋದ.

ಎರಡು ತಿಂಗಳು ರಾಣಿ ಹಾಗಿದ್ದೆ. ಒಂದೆರಡು ಸಲ ಯಶೋದಾ ಅಭ್ಯಾಸಬಲದಲ್ಲಿ ಗೋಡೆ ಸ್ವಿಚ್ಚು ಆರಿಸಿ ಹೋಗಿ ಬೈಸಿಕೊಂಡದ್ದು ಬಿಟ್ಟರೆ, ಫ್ಯಾನಿಗಾಗಿ ನಾನು ಯಾರನ್ನೂ ಕೂಗಲಿಲ್ಲ. ಬೇಕೆಂದಾಗ ಗಾಳಿ, ಬೇಡವೆಂದಾಗ ಇಲ್ಲ. ಮೊಬೈಲು ಸೆರಗಿನಲ್ಲಿ ಕಟ್ಟಿಕೊಂಡೇ ಮಲಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ. ಬಿಕಾಂ ಮುಗಿಸಿದ್ದ ಮೇಘಾಗೆ ಮಂಗಳೂರಿನ ಒಂದು ಕಂಪನಿಯ ಕೆಲಸಕ್ಕೆ ಹನ್ನೆರಡಕ್ಕೆ ಪರೀಕ್ಷೆ, ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲೇ ಬರೆಯಬೇಕು. ಬೆಳಿಗ್ಗೆಯಿಂದ ಊರಿನ ಟವರು ಸತ್ತುಬಿದ್ದಿತ್ತು. ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲ. ಅಟ್ಟ ಹತ್ತಿದಳು, ಮಾಳಿಗೆ ಹತ್ತಿದಳು. ದುರ್ಗದ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ನಾಗರಾಜ ಗೂಡ್ಸ್ ಆಟೋದಲ್ಲಿ ಹೊಳಲ್ಕೆರೆಗೆ, ಯಶೋದಾ ಕೂಲಿಗೆ. ಆಚೆ ಮನೆಗೂ ಬೀಗ. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ನನ್ನ ಮಂಚದ ಕೆಳಗೆ ಕೂತು, ಲ್ಯಾಪ್‌ಟಾಪು ಮಡಿಲಲ್ಲಿಟ್ಟುಕೊಂಡಳು. ಅವಳು ನನ್ನ ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಕಳಿಸಬಹುದಿತ್ತು.

ಆ ಎಂಟು ನಿಮಿಷದಲ್ಲಿ ನಾನು ಫ್ಯಾನನ್ನೂ ನೋಡಿದೆ, ಹುಡುಗಿಯನ್ನೂ ನೋಡಿದೆ. ಕೊಟ್ಟರೆ ಅವನಿಗೆ ಕಾಣುತ್ತದೆ. ಕಂಡರೆ ಆರಿಸುತ್ತಾನೆ. ಆಮೇಲೆ ಮತ್ತೆ ನಾನು, ಈ ಮಂಚ, ಈ ಬಾಯಿ. ನನಗೆ ಭಯವಾಯಿತು, ಜುಂಜಪ್ಪನಿಗಿಂತ ಮುಂದೆ ಬರುವ ಬೇಸಗೆಗೆ ಭಯವಾಯಿತು. ಹೆಬ್ಬೆಟ್ಟು ಮೊಬೈಲಿನ ಹಿಂದೆ ಒತ್ತಿ ಬೀಗ ತೆಗೆದು ಅವಳಿಗೆ ಚಾಚಿದೆ.

"ತಗಳೇ. ಒಳಗೆಲ್ಲೋ ಆ ಪಾಸ್‌ವರ್ಡ್ ಇರ್ಬೇಕಲ್ಲ, ನೋಡ್ಕ."

"ಅಜ್ಜಿ, ಆಣೆ..."

"ಆಣೆ ಮಾಡಿದ್ದು ನಾನು, ನೀನಲ್ಲ. ಜುಂಜಪ್ಪ ನನ್ನ ನೋಡ್ಕತಾನೆ. ಬೇಗ ಬರಿ, ಮುಂಡೇದೆ."

ಮೊಬೈಲು ಮತ್ತೆ ಹೆಬ್ಬೆಟ್ಟು ಕೇಳಿತು, ಕೊಟ್ಟೆ. ಚೌಕದ ಚಿತ್ರವೊಂದು ಬಂತು, ಅದರ ಕೆಳಗೇ ಪಾಸ್‌ವರ್ಡು ಬರೆದಿತ್ತು. ನೋಡಿಕೊಂಡು ಲ್ಯಾಪ್‌ಟಾಪಿಗೆ ಒತ್ತಿದಳು. ಸೇರಿಕೊಂಡಿತು. ಪರೀಕ್ಷೆ ಶುರುವಾದಾಗ ಅವಳ ಹಣೆಯ ಮೇಲೆ ಬೆವರು ನಿಂತಿತ್ತು. ನಾನೇ ಫ್ಯಾನು ಹಾಕಿ ಗಾಳಿ ಅವಳಿಗೂ ತಾಗಲಿ ಅಂತ ಬಿಟ್ಟೆ. ಒಂದು ಗಂಟೆ ಬರೆದಳು, ನೆಟ್ಟು ಒಂದು ಸಲವೂ ತಪ್ಪಲಿಲ್ಲ.

ಎರಡು ಗಂಟೆಗೆ ಪ್ರಸನ್ನ ಊಟಕ್ಕೆ ಬಂದವನು ನೇರ ನಮ್ಮ ಹೊಸ್ತಿಲಿಗೇ ಬಂದ. ಮೊಬೈಲು ನನ್ನ ಕಡೆ ಹಿಡಿದ. ಅಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು. ನನಗೆ ಇಂಗ್ಲಿಷು ಓದಲು ಬರುವುದಿಲ್ಲ.

"ಮೇಘಶ್ರೀ ಲ್ಯಾಪ್‌ಟಾಪ್ ಅಂತ ಹೆಸರೇ ಬಂದೈತೆ. ಆಣೆ ಮಾಡಿದ್ಯಲ್ಲ ಅವ್ವ?"

"ಮಾಡಿದ್ದೆ. ಮುರಿದೆ. ನಿನ್ನ ತಮ್ಮನ ಮಗಳು ಕಣೋ ಅವ್ಳು, ಪರೀಕ್ಷೆ ಬರೆದ್ಲು. ನಿನ್ನ ಗಂಟೇನು ಹೋಯ್ತು?"

"ದೊಡ್ಡಪ್ಪ, ನಂದೇ ತಪ್ಪು," ಅಂತ ಮೇಘಾ ಎದ್ದು ನಿಂತಳು.

ಅವನು ಅವಳ ಕಡೆ ನೋಡಲೂ ಇಲ್ಲ. "ಗಂಟಿನ ಮಾತಲ್ಲ. ನೀನೂ ಅವ್ರ ಕಡೆಗೇ ಆದೆ," ಅಂದ. ಒಂದು ಗಳಿಗೆ ಅವನ ಮುಖ ಕುರಿಹಟ್ಟಿಯಲ್ಲಿ ನನ್ನ ಸೀರೆ ಹಿಡಿದು ಓಡಾಡುತ್ತಿದ್ದ ಹುಡುಗನ ಮುಖವೇ ಆಯಿತು. ಆಮೇಲೆ ಮೊಬೈಲಿನಲ್ಲಿ ಬೆರಳಾಡಿಸಿ ಹೊರಟುಹೋದ. ಪ್ಲಗ್ಗಿನ ದೀಪ ಮಿಟುಕತೊಡಗಿತು.

ಫ್ಯಾನು ನಿಲ್ಲಲಿಲ್ಲ. ನೆಟ್ಟು ಹೋದರೂ ಈ ಪ್ಲಗ್ಗು ಮೊದಲು ಹೇಗಿತ್ತೋ ಹಾಗೇ ಇರುತ್ತದಂತೆ, ಮೈಮೇಲಿನ ಗುಂಡಿ ಒತ್ತಿದರೆ ಮಾತ್ರ ಆರುತ್ತದಂತೆ. "ಆರಿಸ್ಲಾ ಅಜ್ಜಿ?" ಅಂತ ಮೇಘಾ ಕೇಳಿದಳು. ನನಗೆ ಉರಿ ಹತ್ತಿತ್ತು. "ಬ್ಯಾಡ, ತಿರುಗ್ಲಿ ಬಿಡು" ಅಂದೆ. ಅವಳು ಅತ್ತುಕೊಂಡು ಒಳಗೆ ಹೋದಳು.

ಸಂಜೆ ಐದಾಯಿತು. ಬಿಸಿಲು ಇಳಿದದ್ದೇ ಗುಡ್ಡದ ಕಡೆಯ ಚಳಿಗಾಳಿ ಕಿಟಕಿಯಿಂದ ನುಗ್ಗಿತು. ಫ್ಯಾನೂ ನನ್ನ ಮುಖಕ್ಕೇ. ಮೊಬೈಲು ಒತ್ತಿದೆ, ಆಫ್‌ಲೈನ್. ಮತ್ತೆ ಒತ್ತಿದೆ. ಕಂಬಳಿ ಕತ್ತಿನವರೆಗೆ ಎಳೆದುಕೊಂಡೆ, ಮುರಿದ ಸೊಂಟದಲ್ಲಿ ಚಳಿ ಇಳಿದು ನೋಯತೊಡಗಿತು. ಮೇಘಾಳನ್ನು ಕರೆಯಬೇಕು ಅಂದುಕೊಳ್ಳುವಷ್ಟರಲ್ಲಿ ಅವಳೇ ಓಡಿಬಂದಳು.

"ಅಜ್ಜಿ, ಟವರ್ ಬಂತು, ಮೇಲ್ ಬಂತು! ಕೆಲ್ಸ ಆಯ್ತು ಅಜ್ಜಿ, ಆಯ್ತು! ಸೋಮವಾರಕ್ಕೇ ಮಂಗಳೂರಿಗೆ ಬಾ ಅಂದವ್ರೆ. ಅಪ್ಪಂಗೆ ಹೇಳ್ಬೇಕು, ಆಟೋ ಬಸ್‌ಸ್ಟ್ಯಾಂಡಿಗೆ ಬಂದೈತೆ!"

ಬಗ್ಗಿ ನನ್ನ ಎರಡು ಕೆನ್ನೆ ಹಿಂಡಿದಳು. ಫ್ಯಾನು ಆರಿಸೇ ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ಚಪ್ಪಲಿ ಮೆಟ್ಟದೆಯೇ ಓಡಿದಳು. ಓಡಲಿ, ನನ್ನ ಹಾಗೆ ಒಂದೇ ಕಡೆ ನಿಂತುಹೋಗದೆ ಓಡಲಿ ಅಂದುಕೊಂಡೆ.

ಯಶೋದಾ ಇನ್ನೂ ಕೂಲಿಯಿಂದ ಬಂದಿರಲಿಲ್ಲ. ಹಲ್ಲು ಕಟಕಟ ಅನ್ನತೊಡಗಿದವು. ಗೋಡೆಯಾಚೆ ಪ್ರಸನ್ನನ ಟಿವಿ ಮಾತಾಡುತ್ತಿತ್ತು, ಅವನು ಕೆಮ್ಮಿದ್ದೂ ಕೇಳಿಸಿತು. ಅಭಿಮಾನ ನುಂಗಿಕೊಂಡು ಗೋಡೆ ಕಡೆ ಮುಖ ತಿರುಗಿಸಿದೆ.

"ಪ್ರಸನ್ನಾ, ಚಳಿ ಆಗ್ತೈತೆ ಕಣಪ್ಪ. ಒಂದೀಟು ಬಂದು ಫ್ಯಾನ್ ಆರ್ಸೋ."

ಆಚೆ ಟಿವಿಯ ಸದ್ದು ಜೋರಾಯಿತು.