ಹದಿನೇಳನೇ ಕಿಲೋಮೀಟರು

‘ಲೋಟದ ಮೇಲಂಚನ್ನು ಎರಡೇ ಬೆರಳಲ್ಲಿ ಹಿಡಿಯಿರಿ. ಓಟಗಾರರ ಕೈ ತಾಗಿದ ಕೂಡಲೇ ಬಿಟ್ಟುಬಿಡಿ.’

ಓಟದ ಕ್ಲಬ್ಬಿನ ಕಾರ್ಯದರ್ಶಿ ಗ್ರೂಪಿಗೆ ಹಾಕಿದ್ದ ಸಂದೇಶವನ್ನು ಗಣಿತದ ಮೇಷ್ಟ್ರಾಗಿದ್ದ ಅವನು ಮೂರನೇ ಸಲ ಓದಿದ. ಭಾನುವಾರ ಹಾಫ್ ಮ್ಯಾರಥಾನ್. ಇಪ್ಪತ್ತೊಂದು ಕಿಲೋಮೀಟರಿಗೆ ಏಳು ನೀರಿನ ಕೇಂದ್ರ. ಹದಿನೇಳನೇ ಕಿಲೋಮೀಟರಿನ ಆರನೇ ಕೇಂದ್ರಕ್ಕೆ ಮಾತ್ರ ಒಬ್ಬರೂ ಸಿಕ್ಕಿಲ್ಲ. ಎಂಟು ಜನ ಬೇಕು. ಐದೂವರೆಗೆ ಹಾಜರಿ. ಲೋಟ ಅರ್ಧವೇ ತುಂಬಬೇಕು. ಮೊದಲ ಮೇಜಿನಲ್ಲಿ ನೀರು, ಎರಡನೆಯದರಲ್ಲಿ ಉಪ್ಪು ಸಕ್ಕರೆ ಬೆರೆಸಿದ್ದು. ಕೊನೆಯವರ ಹಿಂದೆ ಬರುವ ವ್ಯಾನು ದಾಟುವ ತನಕ ಕದಲುವಂತಿಲ್ಲ. ಎಲ್ಲರ ಉಸಿರೂ ಸೋಲುವ ಜಾಗ ಅದೇ. ಬರುವವರು ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತಿ.

ಅವನು ಒತ್ತಿದ. ಹೆಂಡತಿ ಓಡುವವಳಿದ್ದಳು. ಮೂರು ತಿಂಗಳಿಂದ ಮನೆಯಲ್ಲಿ ಮಾತು ಗ್ಯಾಸು, ಬೀಗದ ಕೈಯಷ್ಟಕ್ಕೇ ಇಳಿದಿತ್ತು. ಉಸಿರು ಸೋತಾಗಲಾದರೂ ಅವಳು ತನ್ನ ಮುಖ ನೋಡುತ್ತಾಳೆ ಎಂಬುದು ಅವನ ಲೆಕ್ಕ. ಅವಳೂ ಅದೇ ಗ್ರೂಪಿನಲ್ಲಿದ್ದಳು. ಅವನ ಹೆಬ್ಬೆರಳನ್ನು ಕಂಡಳೋ ಇಲ್ಲವೋ, ಅವನು ಕೇಳಲಿಲ್ಲ.

“ನಾಳೆ ನಾನೂ ಬೇಗ ಏಳ್ತೀನಿ,” ಎಂದ ಶನಿವಾರ ರಾತ್ರಿ.

“ಯಾಕೆ?”

“ಸುಮ್ನೆ.”

“ಸರಿ. ಅಲಾರಾಂ ನಂದೇ ಇದೆ.”

ಎಂಟು ಹೆಬ್ಬೆರಳು ಬಿದ್ದಿದ್ದವು, ಭಾನುವಾರ ಬೆಳಿಗ್ಗೆ ಕೇಂದ್ರಕ್ಕೆ ಬಂದವರು ಮೂವರು. “ಹೆಬ್ಬೆರಳಿಗೇನ್ರೀ, ಹಾಸಿಗೇಲಿ ಮಲಗೇ ಒತ್ತಬಹುದು,” ಎಂದರು ನಿವೃತ್ತ ಪೋಸ್ಟ್ ಮಾಸ್ತರು. ಅವರು ಕ್ಯಾನು ಬಗ್ಗಿಸುತ್ತಿದ್ದರು. ನರ್ಸಮ್ಮ ಎರಡನೇ ಮೇಜು ಹಿಡಿದರು. ಅವನು ರಸ್ತೆಯಂಚಿಗೆ ನಿಂತು ಕೈ ಚಾಚಿದ.

ಮೊದಮೊದಲು ಅಂಗಿಯೆಲ್ಲ ಒದ್ದೆಯಾಯಿತು. ಮೂವತ್ತು ಲೋಟ ದಾಟುವಷ್ಟರಲ್ಲಿ ಕೈ ಪಳಗಿತು. ಬಂದವರು ಕಸಿದರು, ಅರ್ಧ ಕುಡಿದರು, ಅರ್ಧ ತಲೆಗೆ ಸುರಿದುಕೊಂಡರು, ಐವತ್ತು ಹೆಜ್ಜೆ ಮುಂದಿದ್ದ ಡಬ್ಬಕ್ಕೆ ಲೋಟ ಎಸೆದು ಗುರಿ ತಪ್ಪಿದರು. ಮುಖ ಯಾರೂ ನೋಡಲಿಲ್ಲ. ಅವನಿಗೆ ವಿಚಿತ್ರ ಸಂತೋಷವಾಯಿತು.

ಎಂಟು ಗಂಟೆಗೆ ಅವಳು ಬಂದಳು. ಟೋಪಿ ಕಣ್ಣಿನವರೆಗೆ ಇಳಿದಿತ್ತು. ಅವಳ ಬೆರಳು ಲೋಟಕ್ಕೆ ತಾಗಿತು. ಅವನು ಬಿಡಲಿಲ್ಲ. ಒಂದೇ ಒಂದು ಕ್ಷಣ ತಲೆ ಎತ್ತಲಿ ಎಂದು ಗಟ್ಟಿಯಾಗಿ ಹಿಡಿದ.

ಕಾಗದದ ಲೋಟ ಪಚಕ್ಕೆಂದಿತು. ನೀರು ಅವಳ ಮೊಣಕೈಯಿಂದ ಇಳಿಯಿತು.

“ಬಿಡಿ ಸಾರ್,” ಎಂದಳು, ರಸ್ತೆಯನ್ನೇ ನೋಡುತ್ತ. ನರ್ಸಮ್ಮನ ಕೈಯಿಂದ ಇನ್ನೊಂದು ಕಸಿದುಕೊಂಡು ತಿರುವಿನಲ್ಲಿ ಮರೆಯಾದಳು.

“ಪರಿಚಯದವರಾ?” ಪೋಸ್ಟ್ ಮಾಸ್ತರು ಕೇಳಿದರು.

“ಇಲ್ಲ.”

ವ್ಯಾನು ದಾಟಿ ಎಷ್ಟೋ ಹೊತ್ತಿನ ಮೇಲೆ ಫೋನು ಗುಂಯ್‌ಗುಟ್ಟಿತು. ಗ್ರೂಪಿನಲ್ಲಿ ಅವಳು ಬರೆದಿದ್ದಳು: ‘ಆರನೇ ಕೇಂದ್ರದವರಿಗೆ ಧನ್ಯವಾದ. ಒಬ್ಬರಂತೂ ಲೋಟ ಬಿಡಲೇ ಇಲ್ಲ!’ ಕೆಳಗೆ ನಲವತ್ತು ನಗು. ಅದು ತಾನೆಂದು ಅವಳಿಗೆ ಗೊತ್ತಿತ್ತೇ? ಅವನೂ ಒಂದು ನಗು ಒತ್ತಿದ.

ಆಮೇಲೆ ಕಸದ ಚೀಲ ಹಿಡಿದು ತಿರುವಿನವರೆಗೂ ನಡೆದ. ತುಳಿದು ಚಪ್ಪಟೆಯಾದ ಲೋಟಗಳನ್ನು ಬಗ್ಗಿ ಬಗ್ಗಿ ಹೆಕ್ಕಿದ. ಅವಳದು ಯಾವುದೆಂದು ತಿಳಿಯುವಂತಿರಲಿಲ್ಲ. ಚೀಲ ಬಾಯಿಯವರೆಗೆ ತುಂಬಿತು. ಭಾರವಿರಬಹುದೆಂದು ಕಾಲು ಗಟ್ಟಿ ಊರಿ ಎರಡೂ ಕೈಯಿಂದ ಎತ್ತಿದ; ಚೀಲದಲ್ಲಿ ತೂಕವೇ ಇರಲಿಲ್ಲ, ಅವನು ಹಿಂದಕ್ಕೆ ವಾಲಿದ.