ಏಳನೆಯ ಪೆಟ್ಟಿಗೆಯ ಸ್ಥಿತಿ

ಸಾಮಾನಿನ ಪಟ್ಟಿ ಬರೆಯುವಾಗ ಪಾರಿಸ ಪ್ರತಿ ಸಾಲನ್ನೂ ಗಟ್ಟಿಯಾಗಿ ಹೇಳಿಯೇ ಬರೆಯುತ್ತಿದ್ದ. ನಿಪ್ಪಾಣಿಯ ಸಾಗಾಟ ಕಚೇರಿಯಲ್ಲಿ ಹದಿನಾರು ವರ್ಷ ಗುಮಾಸ್ತಿಕೆ ಮಾಡಿ ಬಂದ ರೂಢಿ ಅದು. ಪೆಟ್ಟಿಗೆಯ ಸಂಖ್ಯೆ, ಒಳಗೇನಿದೆ, ಯಾವ ಕೋಣೆಯದು, ಒಡೆಯುವಂಥದೋ ಅಲ್ಲವೋ, ಕೊನೆಯ ಕಾಲಮಿನಲ್ಲಿ ಈಗಿನ ಸ್ಥಿತಿ. ಮನೆಯವರ ಕಿವಿಗೆ ಬಿದ್ದರೆ ಮುಂದೆ ತಕರಾರು ಇರುವುದಿಲ್ಲ ಎಂದು ಅವನ ನಂಬಿಕೆ.

೧೯೯೧ರ ಡಿಸೆಂಬರಿನಲ್ಲಿ ಅವನು, ನಿಪ್ಪಾಣಿ ಬಿಟ್ಟು ಅಥಣಿಗೆ ಹೊರಟಿದ್ದ ಅಕ್ಕುತಾಯಿಯ ಸಾಮಾನು ಬರೆದುಕೊಳ್ಳಲು ಆಕೆಯ ಮನೆಗೆ ಹೋದ. ಆಕೆ ವಿಧವೆ. ಬೀಡಿ ಕಟ್ಟುವವರ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಜೀವನ ಸಾಗಿಸಿದವಳು. ಅಥಣಿಯಲ್ಲಿದ್ದ ಆಕೆಯ ತಮ್ಮ ಅಣ್ಣಾಸಾಬ ಅಲ್ಲೇ ಒಂದು ಕೋಣೆ ಹಿಡಿದು, ಕಸೂತಿ ಕಲಿಯಲು ಹದಿನಾಲ್ಕು ಹುಡುಗಿಯರ ಹೆಸರನ್ನೂ ಬರೆಸಿಕೊಂಡಿದ್ದ. ಸಾಮಾನಿಗೆ ದಾರಿಯ ವಿಮೆ ಮಾಡಿಸಬೇಕೆಂದು ಹಟ ಹಿಡಿದವನೂ ಅವನೇ. ಜನವರಿ ಒಂದರಿಂದ ಕ್ಲಾಸು. ಅದೆಲ್ಲ ನಿಂತಿದ್ದುದು ಅಕ್ಕುತಾಯಿಯ ಒಂದೇ ಎಂಬ್ರಾಯ್ಡರಿ ಮಷೀನಿನ ಮೇಲೆ.

ಮೂರನೆಯ ಪೆಟ್ಟಿಗೆಗೆ ಬಂದಾಗ ಪಾರಿಸ, ಅಡಿಗೆಮನೆ, ಕಪ್ಪು-ಬಶಿ ಆರು, ಒಂದರ ಕಿವಿ ಮುರಿದಿದೆ ಎಂದು ಹೇಳುತ್ತಿದ್ದಂತೆ ಆಕೆ ತಡೆದಳು.

“ಪಾರಿಸಣ್ಣಾರ, ಮನಿ ಬಿಡೂ ದಿನ ಒಡಕು ಮುರಕು ಅನ್ನಬ್ಯಾಡ್ರಿ. ಆ ಮಾತ ನಮಗಿಂತ ಮೊದಲ ಅಥಣಿ ಮುಟ್ಟತೈತಿ.”

“ಕಿವಿ ಮುರದ ಕಪ್ಪಿಗೆ ಏನ ಕೇಳತೈತ್ರಿ ಅಕ್ಕಾರ?” ಎಂದು ಪಾರಿಸ ನಕ್ಕ. ಆಕೆ ನಗಲಿಲ್ಲ. ಅವನಿಗೂ ಆ ಅಂಜಿಕೆ ಹೊಸದಲ್ಲ. ಅವನ ತಾಯಿ ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ತುಂಬಿತು’ ಎನ್ನುತ್ತಿದ್ದಳೇ ಹೊರತು ‘ತೀರಿತು’ ಎಂದವಳಲ್ಲ. ಕಪ್ಪಿನ ಸಾಲಿಗೆ ‘ಚಲೋ’ ಎಂದು ಬರೆದ.

ಏಳನೆಯ ಪೆಟ್ಟಿಗೆಗೆ ಮಷೀನು ಇಳಿಸುವಾಗ ಅದರ ತಳದ ಎಡಮೂಲೆಯಲ್ಲಿ ಬೆರಳುದ್ದದ ಬೆಸುಗೆ ಕಂಡಿತು. ಎರಡು ವರ್ಷದ ಹಿಂದೆ ಬಿದ್ದಾಗ ಹಾಕಿಸಿದ್ದು. ಅಲ್ಲಿಂದ ಈಚೆಗೆ ಮಷೀನು ಒಂದು ದಿನವೂ ನಿಂತಿರಲಿಲ್ಲ. ಹಳೆಯ ಪೆಟ್ಟನ್ನು ಹಳೆಯದೆಂದು ಮೊದಲೇ ಬರೆದಿಟ್ಟರೆ ಮಾತ್ರ ದಾರಿಯಲ್ಲಾದ ಪೆಟ್ಟು ಹೊಸದೆಂದು ತೋರಿಸಬಹುದು. ಈ ನಿಯಮವನ್ನು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಹೇಳಿಕೊಟ್ಟವನು ಪಾರಿಸನೇ. ಅವನು ಆಕೆಯ ಮುಖ ನೋಡಿದ. ಮುಂದಿನ ಕೋಣೆ, ಎಂಬ್ರಾಯ್ಡರಿ ಮಷೀನು ಒಂದು, ಒಡೆಯುವಂಥದು, ಸ್ಥಿತಿ ಚಲೋ ಎಂದು ಹೇಳಿ, ಹೇಳಿದ್ದನ್ನೇ ಬರೆದ. ಕೊನೆಯ ಕಾಲಮಿನ ಇಪ್ಪತ್ತೆರಡು ಸಾಲೂ ‘ಚಲೋ’ ಆದವು. ಅಕ್ಕುತಾಯಿ ಓದದೆ ಸಹಿ ಹಾಕಿದಳು. ಕಾರ್ಬನ್ ಪ್ರತಿಗಳಲ್ಲಿ ಒಂದು ಆಕೆಗೆ, ಒಂದು ಡ್ರೈವರನಿಗೆ ಹೋದವು. ಮೂಲ ಪ್ರತಿ ವಿಮೆಯ ಕಾಗದದ ಜೊತೆ ಸೇರಿತು.

ಚಿಕ್ಕೋಡಿ ದಾಟಿದ ಮೇಲೆ ಕಬ್ಬಿನ ಟ್ರೇಲರೊಂದು ತಟ್ಟನೆ ನಿಂತಿತು. ಅದನ್ನು ತಪ್ಪಿಸಲು ಹೋದ ಲಾರಿಯ ಹಿಂದಿನ ಗಾಲಿ ಚರಂಡಿಗೆ ಇಳಿಯಿತು. ಜನರಿಗೆ ಏನೂ ಆಗಲಿಲ್ಲ. ಹಗ್ಗ ಹರಿದು ಒಂದೇ ಪೆಟ್ಟಿಗೆ ಕೆಳಗೆ ಬಿತ್ತು, ಏಳನೆಯದು. ಪೆಟ್ಟು ಬಿದ್ದರೆ ಬಾಗದೆ ಒಡೆಯುವ ಎರಕದ ಕಬ್ಬಿಣದ ಮಷೀನು, ಅದರ ತೋಳು ಬುಡದಲ್ಲೇ ತುಂಡಾಯಿತು.

ವಿಮೆಯ ಸರ್ವೇಯರ್ ಬೆಳಗಾವಿಯಿಂದ ಅಥಣಿಗೆ ಬಂದ ದಿನ ಪಟ್ಟಿ ಬರೆದವನೆಂದು ಪಾರಿಸನನ್ನೂ ಕರೆಸಿದ್ದರು. ಸರ್ವೇಯರ್ ಮಷೀನನ್ನು ಬೆಳಕಿಗೆ ಹೊರಳಿಸಿದರು. ತೋಳಿನ ಮುರಿತ ಬೂದಿ ಬಣ್ಣದಲ್ಲಿ ಹೊಸದಾಗಿ ಹೊಳೆಯುತ್ತಿತ್ತು. ತಳದ ಬೆಸುಗೆಯೂ ಬಾಯಿಬಿಟ್ಟಿತ್ತು. ಅದರೊಳಗೆ ಹಳೆಯ ಎಣ್ಣೆ ಜಿಡ್ಡು ಕಪ್ಪಾಗಿ ಕೂತಿತ್ತು. ಇದು ಪಟ್ಟಿಯಲ್ಲಿ ಯಾಕಿಲ್ಲ ಎಂದು ಅವರು ಕೇಳಿದರು. ಪಾರಿಸ ಕಂಡಿರಲಿಲ್ಲ ಎಂದುಬಿಡಬಹುದಿತ್ತು. ಆದರೆ ಕಾಣದ್ದಕ್ಕೆ ‘ಚಲೋ’ ಎಂದು ಬರೆದದ್ದೂ ಸುಳ್ಳೇ.

“ನೋಡಿದ್ದೆರಿ. ಬರೀಲಿಲ್ಲ,” ಎಂದ ಪಾರಿಸ.

“ತಳಕ್ಕ ಹಳೇ ಬೆಸುಗಿ ಐತಿ ಅಂತ ಒಂದು ಸಾಲ ಇದ್ದಿದ್ರ, ತೋಳು ದಾರ್ಯಾಗ ಮುರದೈತಿ ಅಂತ ನಾ ಧೈರ್ಯಲೆ ಬರೀತಿದ್ದೆ. ಈಗ ಕಂಪನಿಯವರು ಮಷೀನ ಮೊದಲ ಕೆಟ್ಟಿತ್ತು ಅಂತಾರ. ಇಪ್ಪತ್ತೆರಡೂ ಚಲೋ ಅಂದೀರಿ. ಯಾವ ಸಾಲ ನಂಬಲ್ರಿ?” ಎಂದರು ಸರ್ವೇಯರ್.

ಫೆಬ್ರುವರಿಯಲ್ಲಿ ವಿಮೆಯವರಿಂದ ಬಂದ ಪತ್ರದಲ್ಲಿ ಪರಿಹಾರ ಇಲ್ಲವೆಂದಿತ್ತು. ತೋಳು ಕೂಡಿಸಿದರೂ ಸೂಜಿ ತನ್ನ ಗೆರೆಗೆ ಬರುವುದಿಲ್ಲ ಎಂದು ಮಷೀನು ರಿಪೇರಿ ಮಾಡುವ ಮೀರಜಿನ ಕಾರಾಗೀರನೂ ಹೇಳಿ ಕಳಿಸಿದ. ಹದಿನಾಲ್ಕು ಹುಡುಗಿಯರು ಬೇರೆ ಕಡೆ ಹೋದರು.

ಪತ್ರದ ಸುದ್ದಿ ತಿಳಿದ ವಾರ ಪಾರಿಸ ತಾನಾಗಿಯೇ ಅಥಣಿಗೆ ಹೋದ. ಅಕ್ಕುತಾಯಿ ಯಾರದೋ ಅಂಗಡಿಯ ಕುಪ್ಪಸಗಳಿಗೆ ಕೈಯಿಂದ ಹುಕ್ಕು ಹಚ್ಚುತ್ತಿದ್ದಳು. ಅವನು ಕ್ಷಮೆ ಕೇಳಿದ. ತಪ್ಪು ನನ್ನದೂ ಇದೆ ಎಂದು ಆಕೆ ಅನ್ನಬಹುದೆಂದು ಒಳಗೊಳಗೆ ಕಾದ. ಆಕೆ ದಾರ ಕಡಿದು, ಗಂಟು ಹಾಕಿ, ಮೆಲ್ಲಗೆ ಹೇಳಿದಳು:

“ನಾ ಅನ್ನಬ್ಯಾಡ್ರಿ ಅಂದಿದ್ದೆ. ಬರೀಬ್ಯಾಡ್ರಿ ಅಂದಿದ್ದಿಲ್ಲ.”

ಪಾರಿಸ ಏಳುವ ಹೊತ್ತಿಗೆ ಆಕೆ, ಮಷೀನಿನ ಸ್ಟ್ಯಾಂಡಾದರೂ ಕೊಳ್ಳುವವರು ನಿಪ್ಪಾಣಿಯಲ್ಲಿ ಇದ್ದರೆ ನೋಡಿರಿ ಎಂದಳು. ಸ್ಟ್ಯಾಂಡನ್ನು ಮೂಲೆಯಿಂದ ಎಳೆದು ಅಡಿಮೇಲು ಮಾಡಿ, ಎಲ್ಲಿಯೂ ಪೆಟ್ಟಾಗಿಲ್ಲವೆಂದು ಅವನಿಗೆ ನಾಲ್ಕೂ ಕಾಲು ತೋರಿಸಿದಳು.