ಎಡಗಡೆಯ ಖಾಲಿ ಮೂಲೆ

ಸಿಲಿಂಡರ್, ಶಂಕು, ಗೋಳಗಳ ಪಾಠಕ್ಕೆ ನಾನು ಬರೆದ ಟಿಪ್ಪಣಿ ಹದಿನಾಲ್ಕು ಪುಟವಿತ್ತು. ಬರೆದವನಿಗೆ ಅದರ ಒಂದು ಸಾಲೂ ಹೆಚ್ಚೆನಿಸಿರಲಿಲ್ಲ. ದೇವದುರ್ಗದಲ್ಲಿ ಭಾನುವಾರ ನಡೆಯುವ ನಮ್ಮ ತರಗತಿಗೆ ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದ ನಲವತ್ತು ಮಂದಿ ಬರುತ್ತಿದ್ದರು. ಎಲ್ಲರಿಗೂ ಅದರ ಜೆರಾಕ್ಸ್ ಕೊಟ್ಟಿದ್ದೆ. ಯಾರೂ ನಾಲ್ಕನೇ ಪುಟ ದಾಟಿರಲಿಲ್ಲ. ಬಾಯಿಬಿಟ್ಟು ಹೇಳಿದವಳು ಅಂಬಿಕಾ ಒಬ್ಬಳೇ.

"ಸರ್, ಭಾಳ ಚಲೋ ಬರ್ದೀರಿ. ಆದ್ರ ಓದಾಕ ನನಗ ರೊಟ್ಟಿ ಮಾಡೂವಾಗಷ್ಟೇ ಪುರಸೊತ್ತು. ಒಂದು ಹಾಳಿ ಮಾಡಿಕೊಡ್ರಿ."

ಅಂಬಿಕಾಗೆ ಇಪ್ಪತ್ತೊಂಬತ್ತು ವರ್ಷ. ದಿನವಿಡೀ ಹತ್ತಿ ಬಿಡಿಸುವ ಕೂಲಿ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಅವಳ ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿ ಬಿದ್ದಿತ್ತು. ಹತ್ತನೇ ತರಗತಿ ಪಾಸಾಗಿರಬೇಕು. ಈ ಸಲ ಮೂವತ್ತೈದು ಬಾರದಿದ್ದರೆ ಆ ಜಾಗ ಬೇರೆಯವರದು. ಅದನ್ನು ಅವಳು ಅಳುತ್ತ ಹೇಳಲಿಲ್ಲ, ಬಸ್ಸಿನ ಸಮಯ ಹೇಳುವಂತೆ ಹೇಳಿದಳು.

ಮೊದಲ ಹಾಳೆಯನ್ನು ನಾನೇ ಮಾಡಿದೆ. ಹದಿನಾಲ್ಕು ಪುಟವನ್ನೂ ಸಣ್ಣ ಅಕ್ಷರದಲ್ಲಿ ತುರುಕಿದೆ. ಅವಳು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, "ಇರಿವಿ ಹೊಂಟಂಗ ಕಾಣ್ತದ್ರೀ" ಅಂದಳು. ನನಗೆ ಸಿಟ್ಟು ಬಂತು. ನನಗೆ ಬೇಗ ಬರುತ್ತದೆ.

ಮುಂದಿನ ನಾಲ್ಕು ಭಾನುವಾರ ತರಗತಿ ಮುಗಿದ ಮೇಲೆ ಇಬ್ಬರೂ ಕೂತು ಟಿಪ್ಪಣಿಯ ಸಾಲುಗಳನ್ನು ಹೊಡೆದು ಹಾಕತೊಡಗಿದೆವು. ಪೆನ್ನು ಅವಳ ಕೈಯಲ್ಲಿ, ಸಂಕಟ ನನ್ನದು. ಪ್ರತಿ ಸಾಲಿಗೂ ಅವಳದು ಒಂದೇ ಪ್ರಶ್ನೆ: "ಇದು ಮರೆತ್ರ ಬ್ಯಾರೇದ್ರಿಂದ ತಗಿಯಾಕ ಬರ್ತದೇನ್ರೀ?" ಬರುತ್ತದೆ ಎಂದರೆ ಆ ಸಾಲು ಹೋಯಿತು. ಸಿಲಿಂಡರಿನ ಪೂರ್ಣ ಮೇಲ್ಮೈಯ ಸೂತ್ರ ಹಾಗೇ ಹೋಯಿತು. ಸುತ್ತಿನ ಮೈ 2πrh, ಅದಕ್ಕೆ ಮೇಲೊಂದು ಕೆಳಗೊಂದು ಮುಚ್ಚಳ ಸೇರಿಸಿದರೆ ಆಯಿತು. ಶಂಕುವಿನಲ್ಲಿ ಮರಳು ತುಂಬಿ ಸಿಲಿಂಡರಿಗೆ ಸುರಿಯುವ ಪ್ರಯೋಗವನ್ನು ನಾನು ಒಂದೂವರೆ ಪುಟ ಬರೆದಿದ್ದೆ. ಅದು "ತಳ, ಎತ್ತರ ಒಂದೇ ಇದ್ದರೆ ಮೂರು ಶಂಕು = ಒಂದು ಸಿಲಿಂಡರ್" ಎಂದು ಒಂದು ಸಾಲಾಗಿ ಉಳಿಯಿತು. ಓದಿದಾಗ ಅದರಲ್ಲಿ ಏನೂ ಕಡಿಮೆಯಾದಂತೆ ಎನಿಸಲಿಲ್ಲ. ಅದೇ ನನಗೆ ಬೇಜಾರು.

ಕೊನೆಗೆ ಉಳಿದದ್ದು ನಾಲ್ಕು ಚೌಕಗಳು. ಎಡಗಡೆ ಮೇಲೆ ಸಿಲಿಂಡರ್, ಅದರ ಕೆಳಗೆ ಶಂಕು. ಬಲಗಡೆ ಮೇಲೆ ಗೋಳ, ಅದರ ಕೆಳಗೆ ಅರ್ಧಗೋಳ. ಬಲಗಡೆ ತಳದಲ್ಲಿ ಅವಳು ಪದೇಪದೇ ಮಾಡುತ್ತಿದ್ದ ತಪ್ಪುಗಳಷ್ಟೇ, ಅವಳದೇ ಮಾತಿನಲ್ಲಿ: "ವ್ಯಾಸ ಕೊಟ್ರ ಮೊದ್ಲು ಅರ್ಧ ಮಾಡು." "ಎರಡು ಆಕಾರ ಕೂಡಿಸಿದ್ರ, ಕೂಡಿದ ಮುಖ ಎಣಿಸಬ್ಯಾಡ." "ಮೈ ಕೇಳ್ಯಾರೋ, ಒಳಗ ಎಷ್ಟು ಹಿಡಿತದ ಅಂತ ಕೇಳ್ಯಾರೋ?" ಎಡಗಡೆ ತಳದ ಮೂಲೆ ಖಾಲಿ. ಅಲ್ಲಿ ಶಂಕುವಿನ ಓರೆ ಎತ್ತರದ ಒಂದು ಉದಾಹರಣೆ ಹಾಕೋಣ ಎಂದೆ. ಬೇಡ ಎಂದಳು.

ಆ ಹಾಳೆ ಬಂದ ಮೇಲೆ ಅವಳು ತಪ್ಪುವುದು ನಿಂತಿತು. ಮೂರು ವಾರದ ಮೂರು ಕಿರುಪರೀಕ್ಷೆಯಲ್ಲೂ ಆ ಪಾಠದ ಲೆಕ್ಕ ಸರಿ. ನನಗೆ ಎಷ್ಟು ಖುಷಿಯಾಯಿತೆಂದರೆ, ಹಾಳೆ ನಲವತ್ತು ಜನರಿಗೂ ಬೇಕು, ಅಚ್ಚಾಗಿರಬೇಕು, ತಳದಲ್ಲಿ ನನ್ನ ಹೆಸರೂ ಇರಬೇಕು ಎನಿಸಿತು. ಪರೀಕ್ಷೆಗೆ ಎರಡು ವಾರವಿದ್ದಾಗ ಅವಳ ಮುದುಡಿದ ಹಾಳೆ ಇಸಿದುಕೊಂಡು ರಾಯಚೂರಿಗೆ ಹೋದೆ.

ಡಿಟಿಪಿ ಅಂಗಡಿಯ ಮೆಹಬೂಬ್ ಪಾಷಾ ಕೆಲಸದಲ್ಲಿ ಬಹಳ ಅಚ್ಚುಕಟ್ಟು. "ಸರ್, ಇಲ್ಲಿ ಜಾಗ ಸುಮ್ನ ದಂಡ ಆಗ್ಯದಲ್ರೀ" ಎಂದು ಖಾಲಿ ಮೂಲೆ ತೋರಿಸಿದ. ಗೋಳವನ್ನು ಮೊದಲಿಗೆ ತಂದ, ಸಿಲಿಂಡರನ್ನು ನಡುವಿಗೆ ಸರಿಸಿದ, ಶಂಕುವನ್ನು ಬಲಕ್ಕೆ ಒಯ್ದ. ಖಾಲಿ ಮೂಲೆಯಲ್ಲಿ ನನ್ನ ಉದಾಹರಣೆ ಕೂತಿತು. ಸೂತ್ರ ಒಂದೂ ತಪ್ಪಾಗಿರಲಿಲ್ಲ. ಎರಡು ಸಲ ನೋಡಿದ್ದೇನೆ. ಲ್ಯಾಮಿನೇಶನ್ ಮಾಡಿಸಿ ತಂದೆ. ಹಳೆಯ ಹಾಳೆ ಅಲ್ಲೇ ಉಳಿಯಿತು. ಅದು ಯಾರಿಗೆ ಬೇಕು?

ಎಲ್ಲರೂ ಹೊಸ ಹಾಳೆ ಮೆಚ್ಚಿದರು. ಮುಂದಿನ ಭಾನುವಾರದ ಕಿರುಪರೀಕ್ಷೆಯಲ್ಲಿ ಹೆಚ್ಚಿನವರ ಅಂಕ ಏರಿತು. ಅಂಬಿಕಾಳದು ಸೊನ್ನೆ. ಸಿಲಿಂಡರಿನ ಘನಫಲ ಕೇಳಿದರೆ ಗೋಳದ ಸೂತ್ರ ಬರೆದಿದ್ದಳು.

"ಇಷ್ಟು ದಿನ ಕಲಿತದ್ದು ಎಲ್ಲಿ ಹೋಯ್ತು?" ಎಂದು ಎಲ್ಲರ ಎದುರಿಗೇ ಬೈದೆ. ಅವಳು ತಲೆಯೆತ್ತಲಿಲ್ಲ.

"ತಲಿಗೆ ಹತ್ತವಲ್ದು ಸರ್. ಈ ಸಲ ಬಿಡ್ತೀನ್ರಿ. ಕೂಲಿ ಯಾಕ ಕಳಕೊಳ್ಳಲಿ?"

ಹಾಗೆನ್ನುವಾಗ ಅವಳ ಬೆರಳು ಮೇಜಿನ ಮೇಲೆ ಆಡುತ್ತಿತ್ತು. ಎಡಗಡೆ ಮೇಲೆ ಒತ್ತಿತು, ಕೆಳಗೆ ಇಳಿಯಿತು, ಅಲ್ಲೇ ತಡವರಿಸಿತು. ಅಲ್ಲಿ ಸಿಲಿಂಡರ್ ಇತ್ತು, ಕೆಳಗೆ ಶಂಕು ಇತ್ತು, ಈಗ ಇಲ್ಲ. ಉಳಿದ ಮೂವತ್ತೊಂಬತ್ತು ಮಂದಿ ಹಳೆಯ ಹಾಳೆ ಕಂಡವರೇ ಅಲ್ಲ, ಅವರಿಗೆ ಏನೂ ಆಗಲಿಲ್ಲ. ಹಾಳೆ ಮಾಡಿದವಳ ಕಾಲಕೆಳಗಿನ ನೆಲವನ್ನೇ ನಾನು ಸರಿಸಿದ್ದೆ. ನನಗೆ ನಾಚಿಕೆಯಾಯಿತು.

ಮರುದಿನ ರಜೆ ಹಾಕಿ ರಾಯಚೂರಿನ ಬಸ್ಸು ಹತ್ತಿದೆ. ದಾರಿಯ ಕಲ್ಮಲ ಊರು ದಾಟುವವರೆಗೂ ಪಾಷಾನನ್ನು ಬೈದುಕೊಂಡೆ, ಆಮೇಲೆ ಅದೂ ಸರಿಯಲ್ಲ ಎನಿಸಿತು. ಪಾಷಾ ರದ್ದಿ ಡಬ್ಬಿ ನೆಲಕ್ಕೆ ಸುರುವಿ ಹುಡುಕಿದ.

"ಇಷ್ಟು ಚಂದ ಮಾಡಿಕೊಟ್ಟೀನಲ್ರೀ ಸರ್, ಈ ಹೊಲಸು ಹಾಳಿ ಯಾಕ ಬೇಕು?"

ಹಾಳೆ ಸಿಕ್ಕಿತು. ಎಡಗಡೆ ತಳದ ಖಾಲಿ ಮೂಲೆಯಲ್ಲಿ ಜೋಳದ ಹಿಟ್ಟಿನ ಒಂದು ಗುರುತಿತ್ತು, ಹೆಬ್ಬೆರಳಿನಷ್ಟೇ ಅಗಲ. ಬಲಗೈಯಲ್ಲಿ ರೊಟ್ಟಿ ತಿರುವುತ್ತ ಎಡಗೈಯಲ್ಲಿ ಹಾಳೆ ಹಿಡಿದರೆ ಹೆಬ್ಬೆರಳು ಕೂರುವುದು ಅಲ್ಲೇ. ಅದಕ್ಕೇ ಅವಳು ಅಲ್ಲೇನೂ ಬರೆಯಗೊಡದೆ ಇದ್ದದ್ದು. ಉದಾಹರಣೆ ಹಾಕೋಣ ಎಂದಾಗ "ಯಾಕೆ ಬೇಡ" ಎಂದು ನಾನು ಕೇಳಿರಲೇ ಇಲ್ಲ.

ಸಂಜೆ ಅವಳ ಮನೆಗೆ ಹೋಗಿ ಹಾಳೆ ಕೊಟ್ಟೆ. "ನಿನ್ನ ತಲಿ ಸರಿ ಅದ ಯವ್ವಾ, ತಪ್ಪು ನಂದು. ಅಚ್ಚಿಂದು ಇತ್ತ ಕೊಡು" ಎಂದೆ. ಅವಳು ಲ್ಯಾಮಿನೇಶನ್ ಹಾಳೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಹಳೆಯದನ್ನು ಹಿಡಿದು ಕಣ್ಣು ಮುಚ್ಚಿ, "ಮ್ಯಾಲೆ ಸಿಲಿಂಡರ್..." ಎಂದು ಶುರುಮಾಡಿದಳು. ತಡವರಿಸಿದಾಗ ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚುತ್ತಿದ್ದಳು. ಪರೀಕ್ಷೆಗೆ ಐದು ದಿನವಿತ್ತು.

ಪರೀಕ್ಷೆಯ ದಿನ ನಾನು ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ಹಾಳೆ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಹೊರಬಂದಾಗ ಮುಖ ನೋಡಿ ನನಗೇನೂ ತಿಳಿಯಲಿಲ್ಲ.

"ಹೆಂಗಾತು?"

"ಬೆಲ್ ಆದ ಕೂಡ್ಲೇ ಕಡೀ ಪುಟದಾಗ ಕಚ್ಚಾ ಕೆಲಸ ಅಂತ ಬರ್ದು ನಾಕು ಚೌಕ ಹಾಕಿದ್ನಿ ಸರ್. ಒಳಗ ಒಂದೂ ಬರಲಿಲ್ಲ. ಆಮ್ಯಾಲೆ ಎಡಗಡೆ ಮೂಲ್ಯಾಗ ಹೆಬ್ಬಟ್ಟು ಇಟ್ಟೆ."

"ಇಟ್ರ?"

"ಎಲ್ಲಾ ಬಂತ್ರೀ."

ಮೂವತ್ತೆಂಟು ಬಂತು. ಈಗ ಅವಳು ಅಂಗನವಾಡಿಯಲ್ಲಿದ್ದಾಳೆ. ಹೊಸ ತಂಡಕ್ಕೆ ಅದೇ ಪಾಠ ಬಂದಾಗ ನನ್ನ ಹೆಸರಿದ್ದ ಹಾಳೆಗಳ ಕಟ್ಟನ್ನು ಬೀರುವಿನಿಂದ ತೆಗೆಯಲಿಲ್ಲ. ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟೆ. ಏನು ಬರೆಯಬೇಕು ಎಂದು ಅವರು ಕೇಳಿದರು. ಮೊದಲು ಹಾಳೆಯನ್ನು ಕೈಯಲ್ಲಿ ಹಿಡಿಯಿರಿ, ಹೆಬ್ಬೆರಳು ಎಲ್ಲಿ ಕೂರುತ್ತದೆ ನೋಡಿ, ಅಷ್ಟು ಬಿಟ್ಟು ಶುರುಮಾಡಿ ಎಂದೆ.